ಕೈಗಡಿಯಾರ ಮತ್ತು ಕೈಗಂಟು

(ಬಾನುಲಿ ಭಾಷಣ)



ಆನೆ ಇದ್ದರೂ ಲಕ್ಷ, ಸತ್ತರೂ ಲಕ್ಷ ಎಂಬ ಗಾದೆ ನಮ್ಮಲ್ಲಿ ಉಂಟು. ಕೆಲವು ವಸ್ತುಗಳು ಎಷ್ಟು ಬಳಸಿದರೂ ಬೆಲೆ ಕಳೆದುಕೊಳ್ಳುವುದಿಲ್ಲ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ನಮ್ಮ ಹಿರಿಯರು ಆ ನಂಬಿಕೆಯನ್ನು ಹೊಲದ ಮೇಲೆ ಇಟ್ಟರು, ಚಿನ್ನದ ಮೇಲೆ ಇಟ್ಟರು. ಈಚಿನ ವರ್ಷಗಳಲ್ಲಿ ಅದನ್ನು ಕೈಗಡಿಯಾರದ ಮೇಲೂ ಇಡುವ ಜನ ಹೆಚ್ಚುತ್ತಿದ್ದಾರೆ. ‘ಇದು ಖರ್ಚಲ್ಲ, ಹೂಡಿಕೆ’ ಎಂಬ ಮಾತು ಗಡಿಯಾರದ ಅಂಗಡಿಗಳಲ್ಲಿ ಸಲೀಸಾಗಿ ಕೇಳಬರುತ್ತದೆ. ಒಮ್ಮೆ ಈ ಮಾತನ್ನು ನಂಬಿ, ಹಣ ತೆತ್ತು, ಆಮೇಲೆ ಲೆಕ್ಕ ಕಲಿತವನು ನಾನು. ಜೀವಮಾನವೆಲ್ಲ ಹಳಗನ್ನಡದ ಪಾಠ ಹೇಳಿದವನಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನು ಎಂದು ಯಾರಾದರೂ ಕೇಳಿದರೆ, ಆ ನಷ್ಟವೇ ನನ್ನ ಅಧಿಕಾರಪತ್ರ ಎಂದು ವಿನಯದಿಂದ ಹೇಳಬೇಕಾಗುತ್ತದೆ.

ನಿವೃತ್ತನಾದ ಮರುವರ್ಷ, 2021ರಲ್ಲಿ, ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದು ಒಂದು ಸ್ವಿಸ್ ಗಡಿಯಾರವನ್ನು ಕೊಂಡೆ. ಕೈಯ ಚಲನೆಯಿಂದ ತಾನೇ ಕೀಲಿ ತುಂಬಿಕೊಳ್ಳುವ ಗಡಿಯಾರ. ಬೆಲೆ 1,20,000 ರೂಪಾಯಿ. ಹೆಸರಾಂತ ಸಂಸ್ಥೆಯೇ, ಹೆಸರು ಇಲ್ಲಿ ಬೇಡ. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯ ಗಂಟೆಗೆ ಅಧೀನನಾಗಿ ಬಾಳಿದವನಿಗೆ ಇನ್ನಾದರೂ ಒಂದು ಒಳ್ಳೆಯ ಗಡಿಯಾರ ಇರಲಿ ಎಂಬ ಆಸೆ ಒಂದು ಕಡೆ. ಅಂಗಡಿಯವರು ಹೇಳಿದಂತೆ, ಕಷ್ಟಕಾಲಕ್ಕೆ ಮಾರಿದರೆ ಹಣ ಎಲ್ಲಿಗೂ ಹೋಗದು ಎಂಬ ಧೈರ್ಯ ಇನ್ನೊಂದು ಕಡೆ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಕಷ್ಟಕಾಲ ಬಂತು. ನನ್ನ ಹೆಂಡತಿಯ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಹಣ ಸ್ವಲ್ಪ ಸಾಲದೆ ಬಂದುದರಿಂದ ಗಡಿಯಾರವನ್ನು ಪೆಟ್ಟಿಗೆ, ರಸೀದಿಗಳ ಸಮೇತ ತೆಗೆದುಕೊಂಡು ಬೆಂಗಳೂರಿಗೆ ಹೋದೆ. ಅಲ್ಲಿ ಹಳೆಯ ಗಡಿಯಾರಗಳ ವ್ಯಾಪಾರ ಮಾಡುವ ನನ್ನ ಶಿಷ್ಯನೊಬ್ಬನಿದ್ದಾನೆ. ಅವನು ಅದನ್ನು ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದ. ಮೆಲ್ಲನೆ ಮೇಜಿನ ಮೇಲಿಟ್ಟ. ‘ಸಾರ್, ನಿಮಗೆ ಸುಳ್ಳು ಹೇಳಲಾರೆ. ಐವತ್ತೆರಡು ಸಾವಿರ ಕೊಡಬಲ್ಲೆ. ಬೇರೆ ಕಡೆಯೂ ವಿಚಾರಿಸಿ ನೋಡಿ’ ಎಂದ. ಬೇರೆ ಎರಡು ಕಡೆ ವಿಚಾರಿಸಿದೆ. ಅಲ್ಲಿ ಹೇಳಿದ್ದು ಇದಕ್ಕಿಂತ ಕಡಿಮೆ. ಸಂಜೆ ಮತ್ತೆ ಅವನಲ್ಲಿಗೇ ಬಂದೆ.

ನನಗೆ ಕೋಪ ಬಂದಿತ್ತು. ಗಡಿಯಾರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ದಿನಕ್ಕೆ ಐದಾರು ಸೆಕೆಂಡಿನ ಹೊರತು ವ್ಯತ್ಯಾಸ ತೋರುತ್ತಿರಲಿಲ್ಲ. ಹಾಗಿರುವಾಗ 68,000 ರೂಪಾಯಿ ಎಲ್ಲಿ ಹೋಯಿತು? ಶಿಷ್ಯ ಕಾಫಿ ತರಿಸಿ, ಒಂದು ಕಾಗದ ತೆಗೆದುಕೊಂಡು, ಒಂದು ಕಾಲದಲ್ಲಿ ನಾನು ಅವನಿಗೆ ಪದ್ಯ ಬಿಡಿಸಿ ಅನ್ವಯ ಹೇಳಿಕೊಟ್ಟಂತೆಯೇ, ಆ ಮೊತ್ತವನ್ನು ಬಿಡಿಸಿ ತೋರಿಸಿದ. ಆ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ.

ನಾನು ಕೊಟ್ಟ 1,20,000ದಲ್ಲಿ ಮೊದಲನೆಯ ಪಾಲು ಸರ್ಕಾರದ್ದು. ಕೈಗಡಿಯಾರದ ಮೇಲೆ ನೂರಕ್ಕೆ ಹದಿನೆಂಟರಂತೆ ಸರಕು ಮತ್ತು ಸೇವಾ ತೆರಿಗೆ ಇದೆ. ನನ್ನ ಹಣದಲ್ಲಿ ಸುಮಾರು 18,300 ರೂಪಾಯಿ ತೆರಿಗೆಯಾಗಿ ಹೋಗಿತ್ತು. ಅದು ಗಡಿಯಾರದೊಳಗೆ ಸೇರಿಕೊಂಡ ವಸ್ತುವಲ್ಲ. ನಾನು ಮಾರುವಾಗ ಯಾರೂ ಅದನ್ನು ನನಗೆ ಹಿಂದಿರುಗಿಸುವುದಿಲ್ಲ. ಉಳಿದ ಒಂದು ಲಕ್ಷ ಚಿಲ್ಲರೆಯಲ್ಲಿ ಅಂಗಡಿಯವರ ಪಾಲು ಸುಮಾರು ಮೂವತ್ತು ಸಾವಿರ. ದೊಡ್ಡ ಬೀದಿಯ ಬಾಡಿಗೆ, ಗಾಜಿನ ಕಪಾಟು, ಬಿಳಿಯ ಕೈಗವಸು ತೊಟ್ಟು ಗಡಿಯಾರ ತೋರಿಸಿದ ಹುಡುಗನ ಸಂಬಳ, ಎಲ್ಲ ಅದರಲ್ಲೇ ಬರಬೇಕು. ಇನ್ನುಳಿದ ಎಪ್ಪತ್ತು ಸಾವಿರದ ಆಸುಪಾಸಿನ ಹಣದಲ್ಲಿ ತಯಾರಿಕೆಯ ಖರ್ಚಿನ ಜೊತೆಗೆ ಆಮದು ಸುಂಕ ಇದೆ. ಪತ್ರಿಕೆಯ ತುಂಬುಪುಟದ ಜಾಹೀರಾತು ಇದೆ. ಆಟಗಾರನೊಬ್ಬನ ಕೈಗೆ ಆ ಗಡಿಯಾರ ಕಟ್ಟಿ ತೆಗೆಸಿದ ಚಿತ್ರದ ವೆಚ್ಚವೂ ಇದೆ.

ಇನ್ನು ಕೊಳ್ಳುವವನ ಕಡೆಯಿಂದ ನೋಡಿ. ನನ್ನ ಮಾದರಿಯ ಹೊಸ ಗಡಿಯಾರವನ್ನೇ ಕೇಳಿದವರಿಗೆ ಅಂಗಡಿಗಳು ಹತ್ತು ಹದಿನೈದು ಸಾವಿರ ಬಿಟ್ಟು ಕೊಡುತ್ತಿದ್ದವು. ಹೊಸದೇ ಒಂದು ಲಕ್ಷ ಐದು ಸಾವಿರಕ್ಕೆ, ಪೂರ್ಣಾವಧಿಯ ಭರವಸೆಪತ್ರದೊಡನೆ ಸಿಗುವಾಗ, ಎರಡು ವರ್ಷ ಬಳಸಿದ್ದಕ್ಕೆ ಯಾರಾದರೂ 75,000ಕ್ಕಿಂತ ಹೆಚ್ಚು ಏಕೆ ಕೊಟ್ಟಾರು? ಆ ಎಪ್ಪತ್ತೈದರಲ್ಲಿ ನನ್ನ ಶಿಷ್ಯ ತನ್ನ ಲಾಭಕ್ಕೂ, ಗಿರಾಕಿ ಬರುವವರೆಗೆ ತಿಂಗಳುಗಟ್ಟಲೆ ಕಟ್ಟಿಹಾಕಬೇಕಾದ ಹಣಕ್ಕೂ ಸೇರಿ 15,000 ತೆಗೆದಿಟ್ಟ. ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ತನ್ನದೇ ಹೊಣೆಯ ಮೇಲೆ ಮಾರಬೇಕಾದುದರಿಂದ ಅದಕ್ಕೆ 8,000. ಉಳಿದದ್ದು 52,000. ಕಾಗದದ ಮೇಲೆ ಎಲ್ಲಿಯೂ ಮೋಸ ಇರಲಿಲ್ಲ. ಅದೇ ಹಣವನ್ನು ನೂರಕ್ಕೆ ಐದೂವರೆ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟಿದ್ದರೆ ಎರಡು ವರ್ಷಕ್ಕೆ ಸುಮಾರು 1,33,500 ಆಗುತ್ತಿತ್ತು. ಅಂದರೆ ನನ್ನ ನಿಜವಾದ ನಷ್ಟ ಎಂಬತ್ತು ಸಾವಿರವನ್ನೂ ದಾಟಿತ್ತು. ಗಡಿಯಾರವನ್ನು ಕೊಟ್ಟು, ಹಣ ತೆಗೆದುಕೊಂಡು, ರಾತ್ರಿಯ ಬಸ್ಸು ಹತ್ತಿದೆ.

ಇಲ್ಲಿ ಚಿನ್ನಕ್ಕೂ ಗಡಿಯಾರಕ್ಕೂ ಇರುವ ಭೇದ ಸ್ಪಷ್ಟವಾಗುತ್ತದೆ. ಒಡವೆಯನ್ನು ಮಾರಿದಾಗ ನಾವು ಕಳೆದುಕೊಳ್ಳುವುದು ಮಜೂರಿಯನ್ನು, ತೆರಿಗೆಯನ್ನು. ಒಳಗಿನ ಲೋಹಕ್ಕೆ ಆ ದಿನದ ಧಾರಣೆ ಇದ್ದೇ ಇದೆ. ಉಕ್ಕಿನ ಗಡಿಯಾರದಲ್ಲಿ ಲೋಹದ ಬೆಲೆ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಅದರ ಬೆಲೆಯೆಲ್ಲ ಮಜೂರಿಯೇ. ಚಿನ್ನದ ನೀರು ಹಾಕಿದ ಗಡಿಯಾರದ ಗತಿಯೂ ಅಷ್ಟೆ. ಆ ಲೇಪ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ ಇದ್ದರೆ ಅದೇ ದಪ್ಪ ಎನ್ನಬೇಕು. ಗಟ್ಟಿ ಚಿನ್ನದ ಕವಚವಿದ್ದರೆ ಮಾತು ಬೇರೆ: ಹದಿನೆಂಟು ಕ್ಯಾರೆಟ್ಟಿನ 40 ಗ್ರಾಂ ಕವಚದಲ್ಲಿ 30 ಗ್ರಾಂ ಶುದ್ಧ ಚಿನ್ನವಿರುತ್ತದೆ, ಆ ಮಟ್ಟಿಗೆ ಕೆಳಗೆ ಒಂದು ನೆಲ ಉಂಟು. ಆದರೆ ಅಂಗಡಿಯ ಬೆಲೆ ಆ ನೆಲದಿಂದ ಹಲವು ಅಂತಸ್ತು ಮೇಲಿರುತ್ತದೆ. ಜೊತೆಗೆ, ಯಂತ್ರದ ಗಡಿಯಾರಕ್ಕೆ ಐದಾರು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು. ಅದರ ಖರ್ಚು ಪ್ರತಿಸಲವೂ ಹೂಡಿದವನ ಕೈಯಿಂದಲೇ. ಪೆಟ್ಟಿಗೆಯಲ್ಲಿಟ್ಟ ಬಳೆ ಎಣ್ಣೆ ಕೇಳುವುದಿಲ್ಲ.

ಹಾಗಾದರೆ ಬೆಲೆ ಉಳಿಸಿಕೊಳ್ಳುವ, ಏರಿಸಿಕೊಳ್ಳುವ ಗಡಿಯಾರಗಳೇ ಇಲ್ಲವೆ? ಇವೆ. ಅವು ಕೆಲವೇ ಎಂಬುದೂ, ಏಕೆ ಕೆಲವೇ ಎಂಬುದೂ ತಿಳಿದಿರಬೇಕು. ‘ಕಡಿಮೆ ಸಂಖ್ಯೆಯಲ್ಲಿ ಮಾಡಿದ ಗಡಿಯಾರಕ್ಕೆ ಬೆಲೆ ಬರುತ್ತದೆ’ ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧಸತ್ಯ. ರೋಲೆಕ್ಸ್ ಸಂಸ್ಥೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಗಡಿಯಾರಗಳನ್ನು ಮಾಡುತ್ತದೆಂದು ಬಲ್ಲವರ ಅಂದಾಜು. ಆದರೂ ಅದರ ಉಕ್ಕಿನ ಕೆಲವು ಮಾದರಿಗಳು ಬಳಸಿದ ಮೇಲೂ ಅಂಗಡಿಯ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತವೆ. ಇನ್ನೊಂದು ಸಂಸ್ಥೆ ಐನೂರೇ ಗಡಿಯಾರಗಳನ್ನು ಮಾಡಿ, ಬೆನ್ನಿನ ಮೇಲೆ ಒಂದೊಂದಕ್ಕೂ ಅಂಕಿ ಕೆತ್ತಿ ಮಾರಿದರೂ, ಐನೂರ ಒಂದನೆಯ ಗಿರಾಕಿ ಇಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಮುಖ್ಯವಾದದ್ದು ಸಂಖ್ಯೆಯಲ್ಲ, ಅಂಗಡಿಯ ಬೆಲೆಗೆ ಕೊಳ್ಳಲು ಸಿದ್ಧರಿರುವವರಿಗಿಂತ ಗಡಿಯಾರಗಳು ಕಡಿಮೆ ಇವೆಯೆ ಎಂಬುದು. ಸರದಿ ಇರುವ ಕಡೆ ಬೆಲೆ ಉಳಿಯುತ್ತದೆ. ರಿಯಾಯಿತಿ ಇರುವ ಕಡೆ ಅದು ಆಗಲೇ ಇಳಿದಿದೆ. ನನ್ನ ಗಡಿಯಾರವನ್ನು ಕೊಳ್ಳುವಾಗ ಅಂಗಡಿಯವರು ನಗುನಗುತ್ತಾ ‘ಸ್ವಲ್ಪ ಬಿಡೋಣ ಬನ್ನಿ’ ಎಂದಿದ್ದರೆ ನಾನು ಸಂತೋಷಪಡುತ್ತಿದ್ದೆ. ಸಂತೋಷಪಡಬೇಕಾದ ಮಾತಲ್ಲ ಅದು, ಎಚ್ಚರಗೊಳ್ಳಬೇಕಾದ ಮಾತು.

ಆದರೆ ಸರದಿ ಇರುವ ಕಡೆ ನಮ್ಮಂಥವರಿಗೆ ಅಂಗಡಿಯ ಬೆಲೆಗೆ ಗಡಿಯಾರ ಸಿಗುವುದು ದುರ್ಲಭ. ಹೊರಗಿನ ಬೆಲೆ ಕೊಟ್ಟು ಕೊಂಡವನಿಗೆ ಆ ಲಾಭ ಮೊದಲೇ ಕೈತಪ್ಪಿರುತ್ತದೆ. ಪಾಟೆಕ್ ಫಿಲಿಪ್ ಎಂಬ ಜಿನೀವಾ ನಗರದ ಸಂಸ್ಥೆಯ ನಾಟಿಲಸ್ ಗಡಿಯಾರದ ಕಥೆಯನ್ನೇ ನೋಡಿ. ಅದರ ಉಕ್ಕಿನ ಒಂದು ಮಾದರಿ 2006ರಲ್ಲಿ ಬಂತು. 2021ರಲ್ಲಿ ಅದರ ತಯಾರಿಕೆ ನಿಲ್ಲುವುದೆಂದು ಸುದ್ದಿಯಾಯಿತು. ಆಗ ಅಂಗಡಿಯ ಬೆಲೆ ಸುಮಾರು 35,000 ಡಾಲರು. 2022ರ ಮೊದಲ ತಿಂಗಳುಗಳಲ್ಲಿ ಹೊರಗೆ ಅದು ಒಂದೂವರೆ ಲಕ್ಷ ಡಾಲರನ್ನೂ ಮೀರಿತು. ಮರುವರ್ಷದ ಹೊತ್ತಿಗೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಅಂಗಡಿಯ ಬೆಲೆಗೆ ಕೊಂಡವನು ಇಳಿದ ಮೇಲೂ ಲಾಭದಲ್ಲಿದ್ದ. ಶಿಖರದಲ್ಲಿ ಕೊಂಡವನು ಅದೇ ಗಡಿಯಾರದಲ್ಲಿ ಐವತ್ತು ಸಾವಿರ ಡಾಲರು ಕಳೆದುಕೊಂಡ. ಗಡಿಯಾರ ಒಂದೇ; ಬೇರೆಯಾದದ್ದು ಕೊಂಡ ಬೆಲೆ.

ಎರಡನೆಯ ವರ್ಗ ಹಳೆಯ ಗಡಿಯಾರಗಳದ್ದು. ಇಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು ಅಮೆರಿಕದ ಚಲನಚಿತ್ರ ನಟ ಪಾಲ್ ನ್ಯೂಮನ್ ಅವರದು. ರೋಲೆಕ್ಸ್ ಸಂಸ್ಥೆ 1963ರಲ್ಲಿ ಮೋಟಾರು ಪಂದ್ಯದವರಿಗಾಗಿ ಡೇಟೋನಾ ಎಂಬ ಗಡಿಯಾರವನ್ನು ತಂದಿತು. ಕಾಲವನ್ನು ನಿಲ್ಲಿಸಿ ಅಳೆಯಲು ಅದರ ಮುಖದಲ್ಲಿ ಮೂರು ಚಿಕ್ಕ ವೃತ್ತಗಳಿದ್ದವು. ಆ ವೃತ್ತಗಳ ಅಂಕಿಗಳನ್ನು ಅಲಂಕಾರವಾಗಿ ಬರೆದು, ಗೀಟುಗಳ ತುದಿಗೆ ಪುಟ್ಟ ಚೌಕಗಳನ್ನಿಟ್ಟ ಒಂದು ಬಗೆಯ ಡಯಲು ಕೆಲವು ಗಡಿಯಾರಗಳಲ್ಲಿತ್ತು. ಜನ ಅದನ್ನು ಮೆಚ್ಚಲಿಲ್ಲ. ದಿನವೂ ಕೀಲಿ ಕೊಡಬೇಕಾದ ಗಡಿಯಾರ; ಅದರ ಮೇಲೆ ವಿಚಿತ್ರ ಮುಖ. ಅಂಗಡಿಗಳಲ್ಲಿ ಅದು ಕೊಳ್ಳುವವರಿಲ್ಲದೆ ಉಳಿಯುತ್ತಿತ್ತು. ಅಂಥದೊಂದನ್ನು ನ್ಯೂಮನ್ನರ ಪತ್ನಿ, ನಟಿ ಜೋನ್ ವುಡ್ವರ್ಡ್, ಪತಿ ಮೋಟಾರು ಪಂದ್ಯದ ಹುಚ್ಚಿಗೆ ಬಿದ್ದುದನ್ನು ಕಂಡು ಕೊಂಡು ಕೊಟ್ಟರು. ‘ಜಾಗ್ರತೆಯಿಂದ ಓಡಿಸಿ’ ಎಂಬ ಅರ್ಥದ ಮಾತನ್ನು ಅದರ ಬೆನ್ನಿಗೆ ಕೆತ್ತಿಸಿದ್ದರು. 1984ರಲ್ಲಿ ನ್ಯೂಮನ್ ಆ ಗಡಿಯಾರವನ್ನು ಮಗಳ ಸ್ನೇಹಿತನಿಗೆ ಸಹಜವಾಗಿ ಬಿಚ್ಚಿ ಕೊಟ್ಟುಬಿಟ್ಟರು. ಆ ಯುವಕ ಅದನ್ನು ಬಹುಕಾಲ ಎಲ್ಲರಂತೆ ಕೈಗೆ ಕಟ್ಟಿಕೊಂಡು ಓಡಾಡಿದ. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 1,77,52,500 ಡಾಲರು.

ಈ ಕಥೆಯನ್ನು ಹೂಡಿಕೆಯ ಪಾಠವಾಗಿ ಹೇಳುವವರು ಅದರ ತಿರುಳನ್ನು ಬಿಟ್ಟು ಸಿಪ್ಪೆಯನ್ನು ಹಿಡಿಯುತ್ತಾರೆ. ಆ ಡಯಲಿಗೆ ಬೆಲೆ ಬಂದುದು ಅಂದು ಅದನ್ನು ಯಾರೂ ಮೆಚ್ಚದೆ ಇದ್ದುದರಿಂದ. ಮಾರಾಟವಾಗಲಿಲ್ಲ, ಆದ್ದರಿಂದ ಹೆಚ್ಚು ತಯಾರಾಗಲಿಲ್ಲ, ಆದ್ದರಿಂದ ಇಂದು ವಿರಳ. ಮುಂದೆ ಬೆಲೆ ಬಂದೀತೆಂದು ಅಂದು ಯಾರೂ ಅದನ್ನು ಕೊಳ್ಳಲಿಲ್ಲ. ಕೊಂಡವರೂ ಬಳಸಲೆಂದೇ ಕೊಂಡರು. ಇಂದು ಎಲ್ಲರೂ ಮುಂದಿನ ಬೆಲೆಗಾಗಿ ಕೊಂಡು, ಪ್ಲಾಸ್ಟಿಕ್ ಹಾಳೆಯನ್ನೂ ಕೀಳದೆ ಪೆಟ್ಟಿಗೆಯಲ್ಲಿ ಮುಚ್ಚಿಡುವ ಗಡಿಯಾರ ಐವತ್ತು ವರ್ಷದ ಮೇಲೆ ವಿರಳವಾಗುವುದು ಹೇಗೆ? ಎರಡನೆಯದಾಗಿ, ಆ ಕೋಟಿ ದಾಟಿದ ಹಣ ಗಡಿಯಾರಕ್ಕಿಂತ ಹೆಚ್ಚಾಗಿ ಆ ಕೈಗೆ ಬಂದ ಬೆಲೆ. ಅದೇ ಕಾಲದಲ್ಲಿ ಬೇರೆ ಬೇರೆ ಸಂಸ್ಥೆಗಳ ಅದೆಷ್ಟೋ ಗಡಿಯಾರಗಳು ಅದೇ ಬಗೆಯ ಹಣಕ್ಕೆ ಮಾರಾಟವಾದವು. ಅವೆಲ್ಲ ಇಂದು ಎಲ್ಲಿವೆ ಎಂದು ಯಾರೂ ಕಥೆ ಹೇಳುವುದಿಲ್ಲ. ಗೆದ್ದ ಕುದುರೆಯ ಕಥೆಗೆ ಮಾತ್ರ ಕೇಳುಗರಿರುತ್ತಾರೆ.

ಹಳೆಯ ಗಡಿಯಾರದಲ್ಲಿ ಬೆಲೆಯನ್ನು ನಿರ್ಣಯಿಸುವುದು ವಯಸ್ಸಲ್ಲ, ಮೂಲಸ್ಥಿತಿ. ಇದು ನನಗೆ ಬೇಗ ಅರ್ಥವಾದ ಮಾತು. ಏಕೆಂದರೆ ಓಲೆಗರಿಯ ಗ್ರಂಥಸಂಪಾದನೆಯಲ್ಲೂ ಇದೇ ನ್ಯಾಯ. ಲಿಪಿಕಾರ ತನಗೆ ಅರ್ಥವಾಗದ ಪದವನ್ನು ‘ತಿದ್ದಿ’ ಅಂದವಾಗಿ ಬರೆದ ಪ್ರತಿಗಿಂತ, ಹುಳು ತಿಂದರೂ ಮೂಲಪಾಠವನ್ನು ಉಳಿಸಿಕೊಂಡ ಪ್ರತಿ ನಮಗೆ ಹೆಚ್ಚು. ಗಡಿಯಾರದ ಬೆಲೆಯ ದೊಡ್ಡ ಪಾಲು ಅದರ ಡಯಲಿನಲ್ಲಿದೆ. ಮಂಕಾದ ಮೂಲ ಡಯಲನ್ನು ಒಬ್ಬನು ಹೊಸದಾಗಿ ಬಣ್ಣ ಬಳಿಸಿ ಥಳಥಳಿಸುವಂತೆ ಮಾಡಿದನೆಂದರೆ, ತಾನು ಉಪಕಾರ ಮಾಡಿದೆನೆಂದು ತಿಳಿದು ಬೆಲೆಯ ಬಹುಭಾಗವನ್ನು ಅಳಿಸಿದನೆಂದೇ ಅರ್ಥ.

ಈ ಮಾತಿಗೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಎಚ್.ಎಂ.ಟಿ. ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿತು. ನಮ್ಮ ತಲೆಮಾರಿನಲ್ಲಿ ಪರೀಕ್ಷೆ ಪಾಸಾದವನಿಗೂ, ಹಸೆಮಣೆ ಏರಿದವನಿಗೂ ಕೈಗೆ ಬರುತ್ತಿದ್ದುದು ಆ ಗಡಿಯಾರವೇ. 2016ರಲ್ಲಿ ಆ ಗಡಿಯಾರಗಳ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಆಗಿನಿಂದ ಜನತಾ, ಪೈಲಟ್ ಮೊದಲಾದ ಹಳೆಯ ಮಾದರಿಗಳನ್ನು ಹುಡುಕಿ ಕೊಳ್ಳುವವರು ಹೆಚ್ಚಾದರು. ಬೇಡಿಕೆ ಬಂದಲ್ಲಿಗೆ ಕಲಬೆರಕೆಯೂ ಬರುತ್ತದೆ. ಹಳೆಯ ಯಂತ್ರ, ಇನ್ನಾವುದೋ ಗಡಿಯಾರದ ಕವಚ, ಹೊಸದಾಗಿ ಅಚ್ಚು ಹಾಕಿದ ಡಯಲು, ಇವನ್ನು ಕೂಡಿಸಿ ‘ಅಪರೂಪದ ಹಳೆಯ ಗಡಿಯಾರ’ ಎಂದು ಮಾರುತ್ತಾರೆ. ನಾನೂ ಒಂದು ಕಪ್ಪು ಮುಖದ ಪೈಲಟನ್ನು ಹೀಗೆಯೇ ಕೊಂಡೆ. ನಮ್ಮೂರಿನ ವೃದ್ಧ ಗಡಿಯಾರ ರಿಪೇರಿಯವರು ಅದನ್ನು ಒಂದು ನಿಮಿಷ ನೋಡಿ, ‘ಮೇಷ್ಟ್ರೇ, ಮೈ ನಮ್ಮ ಕಾಲದ್ದು, ಮುಖ ಹೋದ ತಿಂಗಳದ್ದು’ ಎಂದು ಬಿಟ್ಟರು.

ಗುರುತು ಹಿಡಿಯುವ ಬಗೆಯನ್ನು ಅವರೇ ತೋರಿಸಿಕೊಟ್ಟರು. ಭೂತಗನ್ನಡಿಯಲ್ಲಿ ಅಕ್ಷರಗಳನ್ನು ನೋಡಬೇಕು: ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪು, ಮರುಬಣ್ಣದಲ್ಲಿ ಅದು ದಪ್ಪವಾಗಿ, ಶಾಯಿ ಹರಡಿದಂತೆ ಇರುತ್ತದೆ. ಸೆಕೆಂಡಿನ ಗೆರೆಗಳು ಗಂಟೆಯ ಗುರುತುಗಳಿಗೆ ನೇರವಾಗಿ ಕೂಡಬೇಕು. ಒಂದು ಕೂದಲೆಳೆಯಷ್ಟು ಓರೆಯಾದರೂ ಸಂಶಯಪಡಬೇಕು. ಎಲ್ಲಕ್ಕಿಂತ ಸುಲಭವಾದುದು ವಯಸ್ಸಿನ ಹೊಂದಾಣಿಕೆ. ನಲವತ್ತು ವರ್ಷದ ಮುಳ್ಳುಗಳು ತುಕ್ಕು ಹಿಡಿದು, ಕವಚ ಸವೆದು, ಡಯಲು ಮಾತ್ರ ನಿನ್ನೆ ಹುಟ್ಟಿದಂತಿದ್ದರೆ ಅವು ಒಂದೇ ಮನೆಯಲ್ಲಿ ಬೆಳೆದವಲ್ಲ. ಕತ್ತಲಲ್ಲಿ ಹೊಳೆಯುವ ಲೇಪವಿದ್ದರೆ ಮುಳ್ಳಿನದೂ ಡಯಲಿನದೂ ಒಂದೇ ಬಗೆಯಾಗಿ ಹಳದಿಗಟ್ಟಿರಬೇಕು. ಕವಚದ ಕೊನೆಗಳನ್ನು ಬೆರಳಿನಿಂದ ಸವರಿ ನೋಡಬೇಕು. ಉಜ್ಜಿ ಉಜ್ಜಿ ಹೊಳಪು ಕೊಟ್ಟ ಗಡಿಯಾರದಲ್ಲಿ ಆ ಅಂಚುಗಳು ಸಾಬೂನಿನ ತುಂಡಿನಂತೆ ದುಂಡಗಾಗಿರುತ್ತವೆ.

ಇಷ್ಟೆಲ್ಲ ಬಲ್ಲವನಿಗೆ ಗಡಿಯಾರದಲ್ಲಿ ಹಣ ಬರಬಹುದು. ಆದರೆ ಅದು ಬಡ್ಡಿಯಲ್ಲ. ಅವನ ಕಣ್ಣಿನ ಕೂಲಿ. ನನ್ನ ಶಿಷ್ಯನಿಗೆ ಬರುವ ಲಾಭ ಅಂಥದು. ಮಿಕ್ಕವರು ಕೊಳ್ಳುವ ಮೊದಲು ಒಂದೇ ಒಂದು ಕೆಲಸ ಮಾಡಿದರೆ ಸಾಕು. ಅದೇ ಮಾದರಿಯ ಬಳಸಿದ ಗಡಿಯಾರವನ್ನು ನಾನು ಮಾರಲು ತಂದಿದ್ದೇನೆ ಎಂದುಕೊಂಡು ಹಳೆಯ ಗಡಿಯಾರದ ಇಬ್ಬರು ವ್ಯಾಪಾರಿಗಳಲ್ಲಿ ಬೆಲೆ ವಿಚಾರಿಸಬೇಕು. ಅವರು ಹೇಳುವ ಬೆಲೆಯೇ ನಿಮ್ಮ ಆಸ್ತಿ; ಅದಕ್ಕೂ ಅಂಗಡಿಯ ಬೆಲೆಗೂ ಇರುವ ಅಂತರ ನಿಮ್ಮ ಖರ್ಚು. ಆ ಖರ್ಚನ್ನು ಖರ್ಚೆಂದೇ ತಿಳಿದು, ಮನಸ್ಸೊಪ್ಪಿ ಮಾಡುವುದಾದರೆ ಅದರಲ್ಲಿ ತಪ್ಪೇನೂ ಇಲ್ಲ. ನಾನು ಪಟ್ಟ ದುಃಖ ಗಡಿಯಾರ ಕೊಂಡದ್ದಕ್ಕಲ್ಲ; ಆಸ್ಪತ್ರೆಯ ಹಣವೆಂದು ಅದನ್ನು ಲೆಕ್ಕದಲ್ಲಿ ಹಿಡಿದದ್ದಕ್ಕೆ.

ನನ್ನ ಹೆಂಡತಿ ಈಗ ಕೋಲಿಲ್ಲದೆ ನಡೆಯುತ್ತಾರೆ. ನನ್ನ ಕೈಯಲ್ಲಿ ಈಗ ಇರುವುದು ನಾನು ಎಂ.ಎ. ಮುಗಿಸಿದಾಗ ನಮ್ಮ ತಂದೆಯವರು ತಮ್ಮ ಕೈಯಿಂದ ಬಿಚ್ಚಿ ಕೊಟ್ಟ ಜನತಾ. ಬೆಂಗಳೂರಿಗೆ ಹೋದ ದಿನ ಅದೂ ಜೇಬಿನಲ್ಲಿತ್ತು. ಅದರ ಬೆಲೆಯನ್ನೂ ಕೇಳಿದ್ದೆ. ಶಿಷ್ಯ ಬೆನ್ನು ತಿರುಗಿಸಿ ನೋಡಿ, ‘ಡಯಲು ಮೂಲದ್ದೇ ಸಾರ್. ಒಳ್ಳೆಯ ಗಿರಾಕಿ ಬಂದರೆ ಎರಡು ಮೂರು ಸಾವಿರ ಬಂದೀತು’ ಎಂದ. ಬಳಿಕ ಅದಕ್ಕೆ ಕೀಲಿ ಕೊಟ್ಟು, ಕಿವಿಯ ಹತ್ತಿರ ಹಿಡಿದು ಕೇಳಿ, ನನ್ನ ಕೈಗೆ ತಾನೇ ಕಟ್ಟಿದ. ದಿನವೂ ಬೆಳಿಗ್ಗೆ ಕಾಫಿಗೆ ಮುಂಚೆ ಅದಕ್ಕೆ ಕೀಲಿ ಕೊಡುತ್ತೇನೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಬಾನುಲಿಯ ವಾರ್ತೆಗೆ ಸರಿಪಡಿಸಿಕೊಳ್ಳುತ್ತೇನೆ.